ಮುಂದಿನ ಗಾಜು ಬದಲಿಸಿದ ಮೇಲೆ ಲೇನ್ ಅಸಿಸ್ಟ್ ದೀಪ: ಪದೇ ಪದೇ ಕೇಳುವ ಪ್ರಶ್ನೆಗಳು

ಗಾಜು ಹಾಕಿಸಿಕೊಂಡು ಹೋದವರು ಒಂದೆರಡು ದಿನ ಬಿಟ್ಟು ಫೋನ್ ಮಾಡಿ ಕೇಳುವುದು ಹೆಚ್ಚುಕಡಿಮೆ ಇವನ್ನೇ. ಅವರು ಕೇಳಿದ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇನೆ. ಒಳಗಿನ ಕನ್ನಡಿಯ ಹಿಂದೆ, ಗಾಜಿಗೆ ಅಂಟಿಕೊಂಡು ಮುಂದಿನ ರಸ್ತೆ ನೋಡುವ ಕ್ಯಾಮೆರಾದ ವಿಷಯ ಮಾತ್ರ ಇಲ್ಲಿದೆ. ಪಾರ್ಕಿಂಗ್ ಕ್ಯಾಮೆರಾಗಳ ಕಥೆ ಬೇರೆ.

## ದೀಪ ಹತ್ತಿದಾಗ

ಗಾಜು ಬದಲಿಸಿಕೊಂಡು ಬಂದೆ, ಈಗ ಮೀಟರ್‌ನಲ್ಲಿ ಲೇನ್ ಅಸಿಸ್ಟ್ ಹಳದಿ ದೀಪ ಹತ್ತಿದೆ. ಗಾಜಿನವರು ಏನಾದ್ರೂ ಕೆಡಿಸಿದ್ರಾ?

ಬಹುತೇಕ ಇಲ್ಲ. ಹಳೆ ಗಾಜು ತೆಗೆಯಬೇಕಾದರೆ ಕ್ಯಾಮೆರಾ ಬಿಚ್ಚಲೇಬೇಕು. ಹೊಸ ಗಾಜಿನ ಬ್ರಾಕೆಟ್‌ಗೆ ಅದನ್ನು ಸಿಕ್ಕಿಸಿದಾಗ, "ನಾನು ಎಲ್ಲಿಗೆ ನೋಡುತ್ತಿದ್ದೇನೆ" ಎಂದು ಅದರೊಳಗೆ ಬರೆದಿಟ್ಟಿದ್ದ ಲೆಕ್ಕವನ್ನು ಇನ್ನು ನಂಬುವ ಹಾಗಿಲ್ಲ. ಕೆಲವು ಕಾರುಗಳು ಇದನ್ನು ತಾವೇ ಗುರುತಿಸಿ ಲೇನ್ ಅಸಿಸ್ಟ್, ತುರ್ತು ಬ್ರೇಕ್, ಹೈಬೀಮ್ ತಾನಾಗಿ ಇಳಿಯುವ ಸೌಲಭ್ಯ ಎಲ್ಲವನ್ನೂ ಒಟ್ಟಿಗೆ ನಿಲ್ಲಿಸಿಬಿಡುತ್ತವೆ. ಒಂದೇ ಕ್ಯಾಮೆರಾ ಮುನಿಸಿಕೊಂಡರೂ ಮೀಟರ್‌ನಲ್ಲಿ ಮೂರ್ನಾಲ್ಕು ದೀಪ ಕಾಣುವುದು ಹೀಗೆ.

ಆದರೂ ಆ ಲೆಕ್ಕವನ್ನು ಹೊಸದಾಗಿ ಕೂರಿಸುವ ಕ್ಯಾಲಿಬ್ರೇಷನ್‌ಗೆ ಓಡುವ ಮೊದಲು ಮೂರು ಚಿಕ್ಕ ವಿಷಯ ನೋಡಿಸಿ. ಕ್ಯಾಮೆರಾದ ಕನೆಕ್ಟರ್ ಟಕ್ ಎಂದು ಕೂತಿದೆಯೇ, ಹೊಸ ಗಾಜಿನ ಮೇಲೆ ಬರುವ ಪ್ಲಾಸ್ಟಿಕ್ ಹಾಳೆ ಕ್ಯಾಮೆರಾದ ಎದುರು ಉಳಿದಿದೆಯೇ, ಲೆನ್ಸ್‌ಗೂ ಗಾಜಿಗೂ ನಡುವೆ ಬೆರಳಿನ ಗುರುತೋ ಮಂಜೋ ಇದೆಯೇ. ಇವು ಸರಿಯಿಲ್ಲದಿದ್ದರೆ ಎಷ್ಟು ಸಲ ಕ್ಯಾಲಿಬ್ರೇಷನ್ ಮಾಡಿಸಿದರೂ ಮುಗಿಯುವುದಿಲ್ಲ.

ಕ್ಯಾಮೆರಾ ಅದೇ, ಗಾಜೂ ಅದೇ ಮಾಡೆಲ್ದು, ಕೂರಿಸಿದ್ದೂ ಅದೇ ಜಾಗದಲ್ಲಿ. ಮತ್ತೆ ಕ್ಯಾಲಿಬ್ರೇಷನ್ ಯಾಕೆ ಬೇಕು?

"ಅದೇ ಜಾಗ" ಅನ್ನುವುದು ನಮ್ಮ ಕಣ್ಣಿಗೆ. ಕ್ಯಾಮೆರಾಕ್ಕೆ ಬೇಕಿರುವುದು ಜಾಗಕ್ಕಿಂತ ಹೆಚ್ಚಾಗಿ ಕೋನ. ಕಾರಿನ ಚೌಕಟ್ಟಿನ ಮೇಲೆ ಅಂಟಿನ ಪಟ್ಟಿ, ಅದರ ಮೇಲೆ ಗಾಜು, ಗಾಜಿನ ಮೇಲೆ ಬ್ರಾಕೆಟ್, ಬ್ರಾಕೆಟ್‌ನಲ್ಲಿ ಕ್ಯಾಮೆರಾ ಹೀಗೆ ಒಂದರ ಮೇಲೊಂದು ಕೂತಿರುತ್ತವೆ. ಪ್ರತಿಯೊಂದರಲ್ಲೂ ಚೂರು ಹೆಚ್ಚುಕಡಿಮೆ ಇರುವುದು ಸಹಜ. ಬ್ರಾಕೆಟ್ ಕೂರುವ ಭಾಗ 10 ಸೆಂಟಿಮೀಟರ್ ಉದ್ದ ಇದೆ ಅಂದುಕೊಳ್ಳಿ. ಅದರ ಒಂದು ತುದಿ 1 ಮಿಲಿಮೀಟರ್ ಎದ್ದರೆ ಕ್ಯಾಮೆರಾ ಅರ್ಧ ಡಿಗ್ರಿಗಿಂತ ಸ್ವಲ್ಪ ಹೆಚ್ಚೇ ವಾಲುತ್ತದೆ.

ಅರ್ಧ ಡಿಗ್ರಿಯಿಂದ ಏನಾಗುತ್ತದೆ ಎಂದು ತಿಳಿಯಬೇಕಾದರೆ ಕ್ಯಾಮೆರಾ ದೂರವನ್ನು ಅಳೆಯುವ ಬಗೆ ಗೊತ್ತಿರಬೇಕು. ಒಂಟಿ ಕ್ಯಾಮೆರಾಕ್ಕೆ ನೇರವಾಗಿ ದೂರ ಅಳೆಯಲು ಬರುವುದಿಲ್ಲ. ಮುಂದಿನ ವಾಹನದ ಟೈರು ರಸ್ತೆಯನ್ನು ಮುಟ್ಟುವ ಜಾಗ ದಿಗಂತದ ಗೆರೆಗಿಂತ ಎಷ್ಟು ಕೆಳಗಿದೆ ಎಂದು ನೋಡಿ, ತನ್ನ ಎತ್ತರ ಗೊತ್ತಿರುವುದರಿಂದ ದೂರವನ್ನು ಲೆಕ್ಕ ಹಾಕುತ್ತದೆ. ಕ್ಯಾಮೆರಾ ನೆಲದಿಂದ 1.3 ಮೀಟರ್ ಎತ್ತರದಲ್ಲಿದೆ, ಮುಂದಿನ ಕಾರು 50 ಮೀಟರ್ ದೂರದಲ್ಲಿದೆ ಎಂದಿಟ್ಟುಕೊಂಡರೆ ಆ ಕೋನ ಬರೀ ಒಂದೂವರೆ ಡಿಗ್ರಿ. ಇಡೀ ಲೆಕ್ಕ ನಿಂತಿರುವುದೇ ಆ ಒಂದೂವರೆ ಡಿಗ್ರಿಯ ಮೇಲೆ. ಅದರಲ್ಲಿ ಕಾಲು ಡಿಗ್ರಿ ತಪ್ಪಿದರೆ 50 ಮೀಟರ್ ದೂರದ ಕಾರು ಒಂದು ಕಡೆಗೆ 60 ಮೀಟರ್ ಆಗಿ ಕಾಣುತ್ತದೆ, ಇನ್ನೊಂದು ಕಡೆಗೆ 43 ಮೀಟರ್ ಆಗಿ. ಕಾಲು ಡಿಗ್ರಿ ಅಂದರೆ ಮೇಲೆ ಹೇಳಿದ ಬ್ರಾಕೆಟ್‌ನ ತುದಿಯಲ್ಲಿ ಅರ್ಧ ಮಿಲಿಮೀಟರ್ ಕೂಡ ಅಲ್ಲ.

ಎಷ್ಟೇ ಕೈಪಳಗಿದ ಮೇಸ್ತ್ರಿಯಾದರೂ ಅಂಟಿನ ಮೇಲೆ ಗಾಜು ಕೂರಿಸುವಾಗ ಆ ಮಟ್ಟದ ನಿಖರತೆ ಕೈಯಲ್ಲಿ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಕ್ಯಾಮೆರಾ ಹೇಗೆ ಕೂತಿದೆಯೋ ಹಾಗೇ ಬಿಟ್ಟು, ಅದು ಎಷ್ಟು ವಾಲಿದೆ ಎಂದು ಅಳೆದು, ಆ ಅಂಕಿಯನ್ನು ಅದಕ್ಕೇ ತಿಳಿಸುವ ಕೆಲಸವೇ ಕ್ಯಾಲಿಬ್ರೇಷನ್. ಸ್ಕ್ರೂ ತಿರುಗಿಸಿ ಕ್ಯಾಮೆರಾ ನೇರ ಮಾಡುತ್ತಾರೆ ಎಂದು ಬಹಳ ಜನ ಅಂದುಕೊಂಡಿರುತ್ತಾರೆ. ಈಗಿನ ಬಹುತೇಕ ಕಾರುಗಳಲ್ಲಿ ಅಂಥ ಸ್ಕ್ರೂವೇ ಇಲ್ಲ.

ದೀಪ ಹತ್ತಿರುವಾಗ ಕಾರು ಓಡಿಸಬಹುದಾ?

ಓಡಿಸಬಹುದು. ಬ್ರೇಕ್ ಪೆಡಲ್, ಸ್ಟೀರಿಂಗ್, ಎಬಿಎಸ್ ಇವಕ್ಕೂ ಈ ಕ್ಯಾಮೆರಾಕ್ಕೂ ಸಂಬಂಧವಿಲ್ಲ. ಇಲ್ಲವಾಗುವುದು ನೆರವು ಮಾತ್ರ. ಲೇನ್ ಬಿಟ್ಟರೆ ಎಚ್ಚರಿಸುವುದಿಲ್ಲ, ಎದುರಿಗೆ ಅಡ್ಡ ಬಂದರೆ ಕಾರು ತಾನಾಗಿ ಬ್ರೇಕ್ ಹಾಕುವುದಿಲ್ಲ. ಮುಂದಿನ ವಾಹನಕ್ಕೆ ತಕ್ಕಂತೆ ವೇಗ ಹೊಂದಿಸುವ ಅಡಾಪ್ಟಿವ್ ಕ್ರೂಸ್ ಕೂಡ ಕ್ಯಾಮೆರಾವನ್ನು ನಂಬಿದ್ದರೆ ಅದೂ ಕೆಲಸ ಮಾಡುವುದಿಲ್ಲ. ಇವುಗಳ ಮೇಲೆ ಕಾಲು ಒರಗಿಸಿ ಓಡಿಸುವ ಅಭ್ಯಾಸ ಆಗಿದ್ದರೆ ಆ ಕೆಲವು ದಿನ ಎಚ್ಚರ.

ನನ್ನ ಕಾರಲ್ಲಿ ಯಾವ ದೀಪವೂ ಹತ್ತಿಲ್ಲ. ಅಂದ್ರೆ ಕ್ಯಾಲಿಬ್ರೇಷನ್ ಬೇಡ ಅಂತ ಅಲ್ವಾ?

ನನಗೆ ಹೆಚ್ಚು ಆತಂಕ ಹುಟ್ಟಿಸುವುದು ಈ ಪ್ರಶ್ನೆಯೇ. ದೀಪ ಹತ್ತಿದ ಕಾರಿನಲ್ಲಿ ಸೌಲಭ್ಯ ನಿಂತಿರುತ್ತದೆ, ಅಪಾಯ ಕಡಿಮೆ. ದೀಪ ಹತ್ತದ ಕಾರು ಹಳೆಯ ಲೆಕ್ಕವನ್ನೇ ಹಿಡಿದು ಸ್ಟೀರಿಂಗ್ ತಿರುಗಿಸುತ್ತಾ ಇರಬಹುದು. ಕನೆಕ್ಟರ್ ತೆಗೆದು ಮತ್ತೆ ಹಾಕಿದರೆ ಕ್ಯಾಮೆರಾಕ್ಕೆ ಕಾಣುವುದು ಕರೆಂಟ್ ಹೋಗಿ ಬಂದದ್ದಷ್ಟೇ. ನಡುವೆ ಗಾಜು ಬದಲಾಯಿತು ಎಂದು ಅದಕ್ಕೆ ಹೇಳಿದವರಾರೂ ಇಲ್ಲ.

ಓಡುತ್ತಾ ಓಡುತ್ತಾ ಲೇನ್ ಗೆರೆಗಳನ್ನು ನೋಡಿ ಚಿಕ್ಕ ವಾಲನ್ನು ತಾನೇ ತಿದ್ದಿಕೊಳ್ಳುವ ಗುಣ ಅನೇಕ ಕ್ಯಾಮೆರಾಗಳಿಗಿದೆ, ನಿಜ. ಅದು ಇರುವುದು ಸಾಮಾನು ತುಂಬಿದಾಗ ಹಿಂಭಾಗ ತಗ್ಗುವುದು, ಸ್ಪ್ರಿಂಗ್ ಹಳತಾಗುವುದು ಇಂಥ ಸಣ್ಣ ಬದಲಾವಣೆಗಳಿಗೆ. ಅದಕ್ಕೊಂದು ಮಿತಿ ಇದೆ, ಶುರು ಮಾಡಲು ಸರಿಯಾದ ಮೂಲ ಅಂಕಿಯೂ ಬೇಕು. ಓಡಿದರೆ ತಾನೇ ಸರಿಹೋಗುತ್ತದೆ ಎನ್ನುವ ಮಾತು ನಿಮ್ಮ ಕಾರಿಗೆ ಹೊಂದುತ್ತದೆಯೋ ಇಲ್ಲವೋ ಎಂಬುದನ್ನು ಕಂಪನಿಯ ರಿಪೇರಿ ಕೈಪಿಡಿ ಹೇಳಬೇಕು, ಗಾಜಿನ ಅಂಗಡಿಯವರಲ್ಲ.

ಸ್ಕ್ಯಾನರ್ ಹಾಕಿ ಕೋಡ್ ಅಳಿಸಿದ್ರೆ ಆಗಲ್ವಾ?

ಕಾರು ತನ್ನೊಳಗೆ ಬರೆದಿಟ್ಟ ದೋಷದ ಕೋಡ್ ಅಳಿಸಿದರೆ ದೀಪ ಸ್ವಲ್ಪ ಹೊತ್ತು ಹೋಗಿ ಮತ್ತೆ ಬರುತ್ತದೆ. ಆದರೆ ಅಳಿಸುವ ಮೊದಲು ಕೋಡ್ ಓದಿದರೆ ತುಂಬ ಉಪಯೋಗ. ಹಲವು ಕಂಪನಿಗಳ ಕಾರುಗಳಲ್ಲಿ ಕೋಡ್‌ನ ಕೊನೆಗೆ ಅಡ್ಡಗೆರೆ ಹಾಕಿ ಎರಡು ಅಂಕಿ ಬರುತ್ತದೆ, ತೊಂದರೆ ಯಾವ ಬಗೆಯದು ಎಂದು ಅದು ಹೇಳುತ್ತದೆ. `-54` ಎಂದಿದ್ದರೆ ಕ್ಯಾಲಿಬ್ರೇಷನ್ ಆಗಿಯೇ ಇಲ್ಲ. `-78` ಅಂದರೆ ಕ್ಯಾಮೆರಾ ಕೂತಿರುವ ಕೋನ ಒಪ್ಪುವ ಮಿತಿಯೊಳಗೆ ಇಲ್ಲ. `-97` ಅಂದರೆ ಕ್ಯಾಮೆರಾದ ಎದುರು ಏನೋ ಅಡ್ಡ ಇದೆ. ಮೊದಲನೆಯದಕ್ಕೆ ಕ್ಯಾಲಿಬ್ರೇಷನ್ ಬೇಕು, ಎರಡನೆಯದಕ್ಕೆ ಬ್ರಾಕೆಟ್ ಬಿಚ್ಚಿ ನೋಡಬೇಕು, ಮೂರನೆಯದಕ್ಕೆ ಒಂದು ಒಳ್ಳೆ ಬಟ್ಟೆ ಸಾಕಾಗಬಹುದು.

## ಕ್ಯಾಲಿಬ್ರೇಷನ್ ಮಾಡಿಸುವಾಗ

ಒಬ್ರು ಬೋರ್ಡ್ ಇಟ್ಟು ಮಾಡ್ಬೇಕು ಅಂತಾರೆ, ಇನ್ನೊಬ್ರು ರೋಡಲ್ಲಿ ಓಡ್ಸಿದ್ರೆ ಸಾಕು ಅಂತಾರೆ. ಯಾರ ಮಾತು ನಂಬೋದು?

ಇಬ್ಬರೂ ಸರಿ ಇರಬಹುದು. ಕಾರು ನಿಂತಲ್ಲೇ ಟಾರ್ಗೆಟ್ ಬೋರ್ಡ್ ತೋರಿಸಿ ಮಾಡುವುದು ಸ್ಟ್ಯಾಟಿಕ್, ಸ್ಕ್ಯಾನರ್ ಜೋಡಿಸಿಕೊಂಡು ರಸ್ತೆಯಲ್ಲಿ ಓಡಿಸಿ ಮಾಡುವುದು ಡೈನಾಮಿಕ್. ಕೆಲವು ಮಾಡೆಲ್‌ಗೆ ಮೊದಲನೆಯದು, ಕೆಲವಕ್ಕೆ ಎರಡನೆಯದು, ಇನ್ನು ಕೆಲವಕ್ಕೆ ಎರಡೂ ಒಂದಾದ ಮೇಲೊಂದು. ಇದು ಮೆಕ್ಯಾನಿಕ್ ಆರಿಸಿಕೊಳ್ಳುವ ವಿಷಯವಲ್ಲ. ಕಾರಿನ ಕಂಪನಿ ಆ ಮಾಡೆಲ್‌ಗೆ, ಆ ವರ್ಷಕ್ಕೆ ಯಾವುದನ್ನು ಬರೆದಿದೆಯೋ ಅದೇ. ಸ್ಟ್ಯಾಟಿಕ್ ಬೇಕಿರುವ ಕಾರನ್ನು ಎಷ್ಟು ದೂರ ಓಡಿಸಿದರೂ ದೀಪ ಆರುವುದಿಲ್ಲ. ಬೋರ್ಡ್ ಇಲ್ಲದವರು "ಓಡಿಸಿ, ಸರಿಹೋಗುತ್ತೆ" ಎಂದು ಕಳಿಸುವುದೂ ಉಂಟು.

ಒಂದು ಬೋರ್ಡ್ ಇಟ್ಟು ಬಟನ್ ಒತ್ತೋಕೆ ಇಷ್ಟು ಹೊತ್ತು ಯಾಕೆ ಬೇಕು?

ಬಟನ್ ಒತ್ತಿದ ಮೇಲೆ ಕೆಲವೇ ನಿಮಿಷ. ಹೊತ್ತು ಹಿಡಿಯುವುದು ಬೋರ್ಡ್ ನಿಲ್ಲಿಸುವುದಕ್ಕೆ.

ಮೊದಲು ಕಾರು ತನ್ನ ಸಹಜ ಎತ್ತರದಲ್ಲಿ ನಿಲ್ಲಬೇಕು. ಟೈರಿನ ಗಾಳಿ ಸರಿಯಾಗಿರಬೇಕು, ಡಿಕ್ಕಿಯಲ್ಲಿ ಸಾಮಾನು ಇರಬಾರದು, ಒಳಗೆ ಯಾರೂ ಕೂತಿರಬಾರದು. ಪೆಟ್ರೋಲ್ ಟ್ಯಾಂಕ್ ತುಂಬಿರಲಿ ಎನ್ನುವ ಕಂಪನಿಗಳೂ ಇವೆ. ಇದೆಲ್ಲ ಶಾಸ್ತ್ರಕ್ಕೆ ಮಾಡುವುದಲ್ಲ. ಹಿಂದಿನ ಚಕ್ರಗಳು ತಗ್ಗಿದರೆ ಮೂತಿ ಮೇಲೇಳುತ್ತದೆ, ಕ್ಯಾಮೆರಾವೂ ಜೊತೆಗೆ ಮೇಲೆ ನೋಡುತ್ತದೆ, ಆಗ ಮತ್ತೆ ಆ ಕಾಲು ಡಿಗ್ರಿಯ ಕಥೆ. ನೆಲ ಸಮತಟ್ಟಾಗಿರಬೇಕು ಎನ್ನುವುದೂ ಇದಕ್ಕೇ.

ಆಮೇಲೆ ಬೋರ್ಡ್ ಕಾರಿನ ನೇರಕ್ಕೆ ಬರಬೇಕು. ಇಲ್ಲಿ ನೇರ ಅಂದರೆ ಬಂಪರ್‌ನ ನೇರ ಅಲ್ಲ, ಹಿಂದಿನ ಎರಡು ಚಕ್ರಗಳು ಕಾರನ್ನು ತಳ್ಳಿಕೊಂಡು ಹೋಗುವ ದಿಕ್ಕು. ಹಿಂದಿನ ಚಕ್ರಗಳು ಸೊಟ್ಟಗಿದ್ದರೆ ಕಾರು ರಸ್ತೆಯಲ್ಲಿ ಸ್ವಲ್ಪ ಓರೆಯಾಗಿಯೇ ಓಡುತ್ತದೆ, ಹಾಗಾಗಿ ಕ್ಯಾಮೆರಾದ ಮಟ್ಟಿಗೆ ಮುಂದೆ ಅನ್ನುವುದು ಆ ಓಟದ ದಿಕ್ಕೇ. ಇದಕ್ಕಾಗಿ ಚಕ್ರಗಳಿಗೆ ಕ್ಲಾಂಪ್ ಹಾಕಿ ಲೇಸರ್ ಬಿಡುತ್ತಾರೆ. ಕಂಪನಿ ಹೇಳಿದ ದೂರ ಮತ್ತು ಎತ್ತರದಲ್ಲಿ ಬೋರ್ಡ್ ನಿಲ್ಲಿಸಿ, ನಡುಬಿಂದು ಸರಿ ಬಂತೇ, ಬೋರ್ಡ್ ಓರೆಯಾಗಿದೆಯೇ ಎಂದು ಎರಡೂ ಬದಿಯಿಂದ ಅಳೆಯುತ್ತಾರೆ.

ಬೆಳಕೂ ಸಮನಾಗಿರಬೇಕು. ಬಾಗಿಲಿನಿಂದ ಬಿಸಿಲು ಬಿದ್ದು ಬೋರ್ಡ್‌ನ ಅರ್ಧ ಭಾಗ ಹೊಳೆದರೆ ಅದರ ಕಪ್ಪು ಬಿಳುಪಿನ ಗುರುತು ಕ್ಯಾಮೆರಾಕ್ಕೆ ಸಿಗುವುದಿಲ್ಲ. ಇಷ್ಟು ಹೊತ್ತು ಇಗ್ನಿಷನ್ ಆನ್ ಇರುವುದರಿಂದ ಬ್ಯಾಟರಿಗೆ ಚಾರ್ಜರ್ ಹಾಕಿಡುತ್ತಾರೆ, ವೋಲ್ಟೇಜ್ ಇಳಿದರೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ.

ಸ್ಕ್ಯಾನರ್ ಹಾಕ್ಕೊಂಡು ಅರ್ಧ ಗಂಟೆ ಓಡಿಸಿದ್ವಿ, ಪರ್ಸೆಂಟೇಜ್ ಅಲ್ಲೇ ನಿಂತಿದೆ. ಕ್ಯಾಮೆರಾ ಹೋಗಿದೆಯಾ?

ರಸ್ತೆ ನೋಡಿ. ಡೈನಾಮಿಕ್ ಕ್ಯಾಲಿಬ್ರೇಷನ್‌ಗೆ ಎರಡೂ ಬದಿ ಸ್ಪಷ್ಟವಾದ ಲೇನ್ ಗೆರೆ, ಕಂಪನಿ ಹೇಳಿದ ವೇಗ, ನೇರವಾದ ಓಟ ಇಷ್ಟೂ ಒಟ್ಟಿಗೆ ಬೇಕು. ನೇರ ಗೆರೆಗಳು ದೂರದಲ್ಲಿ ಕೂಡುವಂತೆ ಕಾಣುವ ಬಿಂದುವನ್ನು ಹಿಡಿದು ಕ್ಯಾಮೆರಾ ತನ್ನ ವಾಲನ್ನು ಲೆಕ್ಕ ಹಾಕುತ್ತದೆ. ಗೆರೆ ಅಳಿಸಿದ್ದರೆ, ಸಿಗ್ನಲ್‌ಗೊಂದು ಸಲ ನಿಲ್ಲಿಸುತ್ತಿದ್ದರೆ, ತಿರುವುಗಳೇ ಹೆಚ್ಚಿದ್ದರೆ ಪರ್ಸೆಂಟೇಜ್ ಏರುವುದಿಲ್ಲ. ಮಳೆ, ಎದುರು ಬಿಸಿಲು, ಮುಸ್ಸಂಜೆ, ಮುಂದೆಯೇ ಅಂಟಿಕೊಂಡು ಹೋಗುವ ಲಾರಿ ಎಲ್ಲವೂ ಅಡ್ಡಿ. ಒಳ್ಳೆ ಹೆದ್ದಾರಿಯಲ್ಲಿ, ಹಗಲು, ಮೋಡ ಕವಿದ ಹೊತ್ತಿನಲ್ಲಿ ಇನ್ನೊಮ್ಮೆ ನೋಡಿ. ಅಲ್ಲೂ ನಿಂತರೆ ಬ್ರಾಕೆಟ್ ಮತ್ತು ಗಾಜಿನ ಮೇಲೆ ಸಂಶಯ ಪಡಬೇಕು.

ಗಾಜು ಹಾಕಿದ ದಿನವೇ ಮಾಡಿಸಿಬಿಡ್ಲಾ?

ಅಂಟು ಬಿಗಿಯಾದ ಮೇಲೆ. ಗಾಜಿಗೆ ಬಳಸುವ ಪಾಲಿಯುರೆಥೇನ್ ಅಂಟು ಗಾಳಿಯ ತೇವ ಹೀರಿಕೊಂಡು ಗಟ್ಟಿಯಾಗುತ್ತದೆ. ಹಾಗಾಗಿ ಒಣ ಹವೆಯಲ್ಲಿ, ಚಳಿಯಲ್ಲಿ ತಡವಾಗುತ್ತದೆ. ಎಷ್ಟು ಹೊತ್ತಿಗೆ ಕಾರು ಓಡಿಸಬಹುದು ಎಂದು ಅಂಟಿನ ಟ್ಯೂಬ್ ಜೊತೆಗೆ ಬರುವ ಹಾಳೆಯಲ್ಲಿ ಇರುತ್ತದೆ, ಆ ಹೊತ್ತು ಮುಗಿಯದೆ ಕಾರು ಅಲುಗಾಡಿಸುವುದೇ ಬೇಡ. ಅಂಟು ಇನ್ನೂ ಮೆತ್ತಗಿರುವಾಗ ಅಳೆದ ಕೋನ, ಗಾಜು ಕೂತ ಮೇಲೆ ಅದೇ ಕೋನವಾಗಿ ಉಳಿಯುವ ಭರವಸೆ ಇಲ್ಲ.

## ಇನ್ನೂ ಸ್ವಲ್ಪ ಆಳಕ್ಕೆ

ಬೇರೆ ಕಂಪನಿ ಗಾಜು ಹಾಕ್ಸಿದ್ರೆ ಕ್ಯಾಮೆರಾ ಒಪ್ಪಲ್ಲ ಅಂತಾರೆ. ನಿಜಾನಾ, ಇಲ್ಲ ಹೆದರಿಸೋದಾ?

ಎರಡೂ ಸ್ವಲ್ಪ ಸ್ವಲ್ಪ. ಬೇರೆ ತಯಾರಕರ ಗಾಜು ಅಂದ ಕೂಡಲೇ ಕೆಟ್ಟದ್ದಲ್ಲ, ಚೆನ್ನಾಗಿ ಕ್ಯಾಲಿಬ್ರೇಟ್ ಆಗುವ ಗಾಜುಗಳು ಬೇಕಾದಷ್ಟಿವೆ. ನೋಡಬೇಕಾದ್ದು ಅದರ ಹೆಸರಿಗಿಂತ ಕ್ಯಾಮೆರಾದ ಎದುರಿನ ಆ ಅಂಗೈಯಷ್ಟು ಜಾಗ. ಅಲ್ಲಿ ಗಾಜು ಅಲೆಯಲೆಯಾಗಿದ್ದರೆ ಕ್ಯಾಮೆರಾಕ್ಕೆ ಲೇನ್ ಗೆರೆ ಬಾಗಿದಂತೆ ಕಾಣುತ್ತದೆ. ನಮ್ಮ ಕಣ್ಣಿಗೆ ಅದು ಗೊತ್ತೇ ಆಗುವುದಿಲ್ಲ.

ಹೆಚ್ಚು ಸಲ ತೊಂದರೆ ಕೊಡುವುದು ತಪ್ಪು ಪಾರ್ಟ್ ನಂಬರ್. ಒಂದೇ ಮಾಡೆಲ್‌ಗೆ ಕ್ಯಾಮೆರಾ ಇರುವ ಗಾಜು, ಇಲ್ಲದ ಗಾಜು, ಮಳೆ ಸೆನ್ಸರ್ ಇರುವುದು, ಕ್ಯಾಮೆರಾ ಎದುರು ಮಂಜು ಕರಗಿಸುವ ಹೀಟರ್ ತಂತಿ ಇರುವುದು, ಗಾಜಿನ ಮೇಲೆ ವೇಗ ತೋರಿಸುವ ಡಿಸ್‌ಪ್ಲೇಗೆ ಹೊಂದುವುದು ಹೀಗೆ ಹಲವು ಬಗೆ ಇರುತ್ತವೆ. ಹೀಟರ್ ಇಲ್ಲದ ಗಾಜು ಹಾಕಿದರೆ ಬೇಸಿಗೆಯಲ್ಲಿ ಕ್ಯಾಲಿಬ್ರೇಷನ್ ಸಲೀಸಾಗಿ ಮುಗಿಯುತ್ತದೆ, ಚಳಿಗಾಲದ ಮೊದಲ ಮುಂಜಾನೆ "ಕ್ಯಾಮೆರಾ ಮುಚ್ಚಿದೆ" ಎಂಬ ಸಂದೇಶ ಬರುತ್ತದೆ. ಚಾಸಿ ನಂಬರ್ ಕೊಟ್ಟು ಗಾಜು ತರಿಸಿ. ಬ್ರಾಕೆಟ್ ಕಾರ್ಖಾನೆಯಲ್ಲೇ ಗಾಜಿಗೆ ಅಂಟಿಸಿ ಬಂದಿರಲಿ. ಹಳೆ ಗಾಜಿನಿಂದ ಬ್ರಾಕೆಟ್ ಕಿತ್ತು ಕೈಯಲ್ಲಿ ಅಂಟಿಸಿದ ಗಾಜನ್ನು ನಾನಾದರೆ ವಾಪಸ್ ಕಳಿಸುತ್ತೇನೆ.

ಮುಂದಿನ ರೇಡಾರ್‌ಗೂ ಕ್ಯಾಲಿಬ್ರೇಷನ್ ಬೇಕಾಗುತ್ತಾ?

ರೇಡಾರ್ ಬಂಪರ್‌ನಲ್ಲೋ ಗ್ರಿಲ್‌ನಲ್ಲೋ ಇದ್ದು, ಅದನ್ನು ಯಾರೂ ಮುಟ್ಟಿಲ್ಲದಿದ್ದರೆ ಬೇಡ. ಕೆಲವು ಕಾರುಗಳಲ್ಲಿ ರೇಡಾರ್ ಮತ್ತು ಕ್ಯಾಮೆರಾ ಒಂದೇ ಪೆಟ್ಟಿಗೆಯಲ್ಲಿ ಗಾಜಿನ ಹಿಂದೆ ಇರುತ್ತವೆ. ಅಲ್ಲಿ ಎರಡಕ್ಕೂ ಆ ಕಾರಿನ ಕ್ರಮದಂತೆ ಮಾಡಬೇಕು.

ಕ್ಯಾಲಿಬ್ರೇಷನ್ ಪಾಸ್ ಅಂತ ಕೊಟ್ರು, ದೀಪವೂ ಇಲ್ಲ. ಆದ್ರೆ ಲೇನ್ ಅಸಿಸ್ಟ್ ಹಾಕಿದ್ರೆ ಕಾರು ಬಲಗಡೆ ಗೆರೆಗೆ ಅಂಟಿಕೊಂಡೇ ಹೋಗುತ್ತೆ. ಏನು ಕಾರಣ?

ಮೊದಲು ಲೇನ್ ಅಸಿಸ್ಟ್ ಆಫ್ ಮಾಡಿ ಅದೇ ರಸ್ತೆಯಲ್ಲಿ ಓಡಿಸಿ. ಆಗಲೂ ಬಲಕ್ಕೆ ಎಳೆದರೆ ಅದು ವೀಲ್ ಅಲೈನ್‌ಮೆಂಟ್ ಇಲ್ಲವೇ ಟೈರಿನ ದೋಷ, ಕ್ಯಾಮೆರಾದ್ದಲ್ಲ. ಆಫ್ ಮಾಡಿದಾಗ ನೇರ ಹೋಗಿ, ಆನ್ ಮಾಡಿದಾಗ ಮಾತ್ರ ಬಲಕ್ಕೆ ಸರಿದರೆ ಕ್ಯಾಮೆರಾಕ್ಕೆ ತಪ್ಪು ನೇರ ಕಲಿಸಿದ್ದಾರೆ.

ಹೀಗೇ ಬಂದ ಒಂದು ಕಾರಿನ ಸಂಗತಿ ಹೇಳುತ್ತೇನೆ. ರಿಪೋರ್ಟ್‌ನಲ್ಲಿ ಪಾಸ್ ಎಂದೇ ಇತ್ತು, ಆದರೆ ಎಡಬಲ ಕೋನದ ಮುಂದೆ 1.1 ಡಿಗ್ರಿ ಎಂದು ಬರೆದಿತ್ತು. ಮಿತಿಯೊಳಗೇ ಇದ್ದುದರಿಂದ ಸ್ಕ್ಯಾನರ್ ತಕರಾರು ಎತ್ತಿರಲಿಲ್ಲ. ಬ್ರಾಕೆಟ್ ನೋಡಿದೆವು, ಕ್ಲಿಪ್‌ಗಳೆಲ್ಲ ಸರಿಯಾಗಿ ಕೂತಿದ್ದವು. ಬೋರ್ಡ್ ಹೇಗೆ ನಿಲ್ಲಿಸಿದ್ದರು ಎಂದು ವಿಚಾರಿಸಿದಾಗ ಗುಟ್ಟು ಹೊರಬಿತ್ತು. ಮುಂದಿನ ನಂಬರ್ ಪ್ಲೇಟ್‌ನ ನಡುವಿಗೆ ತೂಗುಗುಂಡು ಬಿಟ್ಟು, ಅದರ ನೇರಕ್ಕೆ ಬೋರ್ಡ್ ಇಟ್ಟಿದ್ದರು. ಆ ಕಾರಿನ ನಂಬರ್ ಪ್ಲೇಟ್ ನಡುಭಾಗದಲ್ಲಿ ಇರಲೇ ಇಲ್ಲ, ಎಡಕ್ಕೆ 5 ಸೆಂಟಿಮೀಟರ್ ಸರಿದಿತ್ತು.

ಲೆಕ್ಕ ಸುಲಭ. ಕ್ಯಾಮೆರಾದಿಂದ ಬೋರ್ಡ್ 3 ಮೀಟರ್ ದೂರದಲ್ಲಿತ್ತು. ಅಲ್ಲಿ 5 ಸೆಂಟಿಮೀಟರ್ ಎಡಕ್ಕಿದ್ದ ಬಿಂದುವನ್ನು ಕ್ಯಾಮೆರಾ "ಇದೇ ನೇರ" ಎಂದು ಕಲಿಯಿತು. ಹತ್ತು ಪಟ್ಟು ದೂರ, ಅಂದರೆ 30 ಮೀಟರ್ ಮುಂದೆ, ಆ ತಪ್ಪು 50 ಸೆಂಟಿಮೀಟರ್ ಆಗುತ್ತದೆ. ಕಲಿತ ನೇರ ಎಡಕ್ಕೆ ಇರುವುದರಿಂದ ಲೇನಿನ ನಿಜವಾದ ನಡು ಅದಕ್ಕೆ ಬಲಗಡೆ ಇರುವಂತೆ ಕಾಣುತ್ತದೆ, ಕಾರು ಅಲ್ಲಿಗೆ ಹೋಗಲು ಬಲಕ್ಕೆ ತಿರುಗುತ್ತದೆ. 3.5 ಮೀಟರ್ ಅಗಲದ ಲೇನಿನಲ್ಲಿ 1.8 ಮೀಟರ್ ಅಗಲದ ಕಾರು ನಡುವೆ ಹೋದರೆ ಪ್ರತಿ ಬದಿಗೆ ಉಳಿಯುವುದೇ 85 ಸೆಂಟಿಮೀಟರ್. ಅದರಲ್ಲಿ 50 ಹೋದರೆ ಚಾಲಕನಿಗೆ ಗೆರೆಯ ಮೇಲೇ ಓಡುತ್ತಿರುವಂತೆ ಅನ್ನಿಸುವುದು ಸಹಜ.

ಹಿಂದಿನ ಚಕ್ರಗಳಿಂದ ಲೇಸರ್ ಬಿಟ್ಟು ಬೋರ್ಡ್ ಸರಿಸಿ ಮತ್ತೆ ಮಾಡಿದಾಗ ಆ ಅಂಕಿ 0.1 ಡಿಗ್ರಿಗೆ ಇಳಿಯಿತು, ಕಾರು ಲೇನಿನ ನಡುವಿಗೆ ಬಂತು. ಗಾಜು, ಕ್ಯಾಮೆರಾ, ಬ್ರಾಕೆಟ್ ಯಾವುದನ್ನೂ ಬದಲಿಸಲಿಲ್ಲ. ಪಾಸ್ ಅಂದರೆ ಕ್ಯಾಮೆರಾ ಬೋರ್ಡ್ ಅನ್ನು ಗುರುತಿಸಿತು, ಅಂಕಿ ಮಿತಿಯೊಳಗೆ ಬಂತು ಎಂದಷ್ಟೇ. ಬೋರ್ಡ್ ಸರಿಯಾದ ಜಾಗದಲ್ಲಿತ್ತೇ ಎಂದು ಕ್ಯಾಮೆರಾಕ್ಕೆ ತಿಳಿಯುವ ದಾರಿಯೇ ಇಲ್ಲ.

ಹಾಗಾದ್ರೆ ಕಾರು ವಾಪಸ್ ತಗೊಳ್ಳುವಾಗ ಏನು ಕೇಳಿ ಪಡೀಬೇಕು? ನಾನೇ ಪರೀಕ್ಷೆ ಮಾಡಿ ನೋಡಬಹುದಾ?

ಕೆಲಸಕ್ಕೆ ಮೊದಲಿನ ಮತ್ತು ನಂತರದ ಸ್ಕ್ಯಾನ್, ಗಾಜಿನ ಪಾರ್ಟ್ ನಂಬರ್, ಸ್ಟ್ಯಾಟಿಕ್ ಮಾಡಿದ್ದೋ ಡೈನಾಮಿಕ್ ಮಾಡಿದ್ದೋ, ಸ್ಕ್ಯಾನರ್ ತೋರಿಸುವುದಾದರೆ ಮೇಲೆಕೆಳಗೆ ಮತ್ತು ಎಡಬಲ ಕೋನದ ಅಂಕಿಗಳು, ಅವತ್ತಿನ ಕಿಲೋಮೀಟರ್ ರೀಡಿಂಗ್ ಇಷ್ಟು ಒಂದು ಹಾಳೆಯಲ್ಲಿ ಇರಲಿ. "ಬೋರ್ಡ್ ನೇರ ಹೇಗೆ ಹಿಡಿದಿರಿ" ಎಂದು ಬಾಯಲ್ಲೇ ಒಂದು ಮಾತು ಕೇಳಿ.

ಪರೀಕ್ಷೆ ಅಂದರೆ ಗೆರೆ ಚೆನ್ನಾಗಿರುವ, ವಾಹನ ಕಡಿಮೆ ಇರುವ ನೇರ ರಸ್ತೆಯಲ್ಲಿ ಎರಡೂ ಕೈ ಸ್ಟೀರಿಂಗ್ ಮೇಲಿಟ್ಟು ಲೇನ್ ಅಸಿಸ್ಟ್ ಹಾಕಿ, ಕಾರು ಎರಡು ಗೆರೆಗಳ ನಡುವೆ ಎಲ್ಲಿ ನಿಲ್ಲುತ್ತದೆ ಎಂದು ನೋಡುವುದು. ಲೇನಿನ ನಡುವೆ ಕಾರು ಹಿಡಿದಿಡದೆ, ಗೆರೆ ದಾಟುವಾಗ ಎಚ್ಚರಿಸುವುದಷ್ಟೇ ಇದ್ದರೆ, ಇಂಡಿಕೇಟರ್ ಹಾಕದೆ ಎಡಗೆರೆಗೂ ಬಲಗೆರೆಗೂ ನಿಧಾನ ಹತ್ತಿರ ಹೋಗಿ, ಎರಡೂ ಕಡೆ ಎಚ್ಚರಿಕೆ ಒಂದೇ ಅಂತರದಲ್ಲಿ ಬರುತ್ತದೆಯೇ ಎಂದು ಗಮನಿಸಿ. ತುರ್ತು ಬ್ರೇಕ್ ಹಿಡಿಯುತ್ತದೆಯೋ ಎಂದು ಮುಂದೆ ರಟ್ಟಿನ ಪೆಟ್ಟಿಗೆ ಇಟ್ಟು ನುಗ್ಗಿಸಿ ನೋಡುವವರಿದ್ದಾರೆ. ಅದನ್ನು ಮಾಡಬೇಡಿ. ರಟ್ಟಿನ ಪೆಟ್ಟಿಗೆಯನ್ನು ವಾಹನವೆಂದೋ ಮನುಷ್ಯನೆಂದೋ ಗುರುತಿಸಲು ಆ ಕ್ಯಾಮೆರಾಕ್ಕೆ ಕಲಿಸಿರುವುದಿಲ್ಲ. ಹಾಗಾಗಿ ಕಾರು ನಿಲ್ಲದಿದ್ದರೂ ಅದರಿಂದ ಕ್ಯಾಲಿಬ್ರೇಷನ್ ಬಗ್ಗೆ ಏನೂ ತಿಳಿಯುವುದಿಲ್ಲ.